ಕೆಲಸದ ಜಾಗದ ದೂರಿಗೆ ವಿಚಾರಣಾ ವರದಿ: ಹೇಳಿಕೆ ಬರೆದುಕೊಳ್ಳುವುದರಿಂದ ಕಡತಕ್ಕೆ ಬೀಗ ಹಾಕುವವರೆಗೆ

ವಿಚಾರಣೆ ಮುಗಿಸಿ ವರದಿ ಬರೆಯಲು ಕೂತಾಗಲೇ ಕೇಳದೆ ಬಿಟ್ಟ ಪ್ರಶ್ನೆಗಳು ಒಂದೊಂದಾಗಿ ನೆನಪಾಗುತ್ತವೆ. ಅಷ್ಟರಲ್ಲಿ ಸಾಕ್ಷಿಗಳು ಮರೆತಿರುತ್ತಾರೆ, ಇಲ್ಲವೇ ಒಬ್ಬರಿಗೊಬ್ಬರು ಮಾತಾಡಿಕೊಂಡಿರುತ್ತಾರೆ. ಹಾಗಾಗಿ ನಾನು ದೂರು ಕೈಗೆ ಬಂದ ದಿನವೇ ವರದಿಯ ಚೌಕಟ್ಟು ಹಾಕಿಕೊಳ್ಳುತ್ತೇನೆ. ಆಮೇಲಿನ ಕೆಲಸವೆಲ್ಲ ಅದರ ಖಾಲಿ ಜಾಗ ತುಂಬುವುದು, ಅಷ್ಟೇ.

ಪೂರ್ತಿ ಒಂದೇ ಕೇಸ್ ಹಿಡಿದು ಹೇಳುತ್ತೇನೆ, ವಿವರಗಳನ್ನು ಬದಲಿಸಿದ್ದೇನೆ. ಸರಕು ಪ್ಯಾಕ್ ಮಾಡುವ ಒಂದು ವಿಭಾಗ. ಅಲ್ಲಿನ ಕೆಲಸಗಾರರೊಬ್ಬರು ತಮ್ಮ ಮೇಲ್ವಿಚಾರಕರ ಮೇಲೆ ಮೂರು ಪುಟದ ದೂರು ಕೊಟ್ಟರು. ಸಾರ ಇಷ್ಟು: ಮೇಲ್ವಿಚಾರಕರು ಯಾವಾಗಲೂ ಅವಮಾನ ಮಾಡುತ್ತಾರೆ, ಪಾಳಿ ಬದಲಾಗುವ ಹೊತ್ತಿನ ಸಭೆಯಲ್ಲಿ ಎಲ್ಲರೆದುರು ಬೈದರು, ಮ್ಯಾನೇಜರ್‌ಗೆ ಹೇಳಿದ್ದಕ್ಕೆ ಸೇಡಿಗೆ ರಾತ್ರಿ ಪಾಳಿಗೆ ಹಾಕಿದರು.

ಹಂತ 1: ದೂರನ್ನು ಪ್ರಶ್ನೆಗಳಾಗಿ ಬಿಡಿಸಿ

ದೂರಿನಲ್ಲಿ ಸಿಟ್ಟು, ಬೇಸರ, ಹಳೆಯ ನೋವು ಎಲ್ಲ ಕಲಸಿಕೊಂಡಿರುತ್ತದೆ. ಅದು ತಪ್ಪಲ್ಲ. ಆದರೆ 'ಇವರು ಕೆಟ್ಟವರಾ?' ಎಂಬ ಪ್ರಶ್ನೆಗೆ ವಿಚಾರಣೆಯಲ್ಲಿ ಉತ್ತರ ಸಿಗುವುದಿಲ್ಲ. ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಬೇಕು. ನಮ್ಮ ಕೇಸಿನಲ್ಲಿ ಮೂರು ಪುಟ ಮೂರು ಪ್ರಶ್ನೆಯಾಯಿತು.

ಒಂದು: ಮಾರ್ಚ್ 12ರ ಪಾಳಿ ಸಭೆಯಲ್ಲಿ ಮೇಲ್ವಿಚಾರಕರು ದೂರುದಾರರಿಗೆ "ನಿನ್ನ ತಲೇಲಿ ಮಣ್ಣು ತುಂಬಿದೆ, ನಿನ್ನನ್ನ ಇಟ್ಕೊಂಡಿದ್ದೇ ತಪ್ಪು" ಎಂದರೇ?

ಎರಡು: ಮಾರ್ಚ್ 14ರಂದು ದೂರುದಾರರು ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿದ ಮೇಲೆ ಅವರನ್ನು ಮೂರು ವಾರ ರಾತ್ರಿ ಪಾಳಿಗೆ ಹಾಕಿದ್ದು ಆ ಕಾರಣಕ್ಕೇ?

ಮೂರು: ಅದಕ್ಕೂ ಮುಂಚಿನ ಆರು ತಿಂಗಳಲ್ಲಿ ಮೇಲ್ವಿಚಾರಕರು ಪದೇ ಪದೇ ಅವಮಾನ ಮಾಡುತ್ತಿದ್ದರೇ?

ಎರಡನೆಯ ಪ್ರಶ್ನೆಯೊಳಗೆ ಇನ್ನೂ ಮೂರು ಅಡಗಿವೆ. ಪಾಳಿ ನಿಜವಾಗಿ ಬದಲಾಯಿತಾ? ಬದಲಿಸುವಾಗ ಮೇಲ್ವಿಚಾರಕರಿಗೆ ದೂರಿನ ವಿಷಯ ಗೊತ್ತಿತ್ತಾ? ಬದಲಿಸಲು ಬೇರೆ ಕಾರಣ ಇತ್ತಾ? ಸೇಡಿನ ಆರೋಪ ಬಂದಾಗಲೆಲ್ಲ ಈ ಮೂರೂ ಬೇಕು. ನಡುವಿನದನ್ನು, ಅಂದರೆ 'ಗೊತ್ತಿತ್ತಾ' ಎಂಬುದನ್ನು ಕೇಳಲು ಮರೆಯುವವರೇ ಜಾಸ್ತಿ. ಗೊತ್ತೇ ಇಲ್ಲದ ದೂರಿಗೆ ಯಾರೂ ಸೇಡು ತೀರಿಸಿಕೊಳ್ಳಲಾರರು, ಅಲ್ವಾ?

ಈ ಪ್ರಶ್ನೆಗಳನ್ನು ದೂರುದಾರರಿಗೆ ತೋರಿಸಿ, "ನಿಮ್ಮ ದೂರು ಇದೇನಾ, ಏನಾದರೂ ಬಿಟ್ಟಿದ್ದೇನಾ?" ಎಂದು ಕೇಳಿ. ಆಮೇಲೆ ಇದೇ ಪ್ರಶ್ನೆಗಳು ಲಿಖಿತವಾಗಿ ಮೇಲ್ವಿಚಾರಕರ ಕೈಗೂ ಹೋಗಬೇಕು. ತಮ್ಮ ಮೇಲೆ ಏನು ಆರೋಪವಿದೆ ಎಂದು ತಿಳಿಯದೆ ಬಂದು ಕೂತವರ ಹೇಳಿಕೆಗೆ ಬೆಲೆಯಿಲ್ಲ. ಯೋಚಿಸಲು, ದಾಖಲೆ ಹುಡುಕಲು ಕೆಲವು ದಿನ ಕೊಡಿ.

ವಿಚಾರಣೆ ಮಾಡುವವರು ಇಬ್ಬರಲ್ಲಿ ಯಾರ ಕೈಕೆಳಗೂ ಇರಬಾರದು, ಮೊದಲು ಇದೇ ಜಗಳದಲ್ಲಿ ತಲೆ ಹಾಕಿರಲೂ ಬಾರದು. ನೇಮಕದ ಪತ್ರದಲ್ಲಿ ಏನನ್ನು ವಿಚಾರಿಸಬೇಕು, ಯಾವಾಗ ಮುಗಿಸಬೇಕು, ವರದಿ ಯಾರಿಗೆ ಕೊಡಬೇಕು ಎಂದಿರಲಿ. ನಿಮ್ಮಲ್ಲಿ ಲಿಖಿತ ನಿಯಮವಿದ್ದರೆ ಅದನ್ನು ಮೊದಲು ಓದಿ. ಜೊತೆಗೊಬ್ಬರನ್ನು ಕರೆತರಬಹುದೇ, ಪಾಟೀಸವಾಲಿಗೆ ಅವಕಾಶವಿದೆಯೇ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಕಿರುಕುಳದಂಥ ಕೆಲವು ದೂರುಗಳಿಗೆ ಕಾನೂನೇ ಬೇರೆ ಸಮಿತಿ, ಬೇರೆ ಗಡುವು ಹಾಕಿರಬಹುದು. ಹಾಗಿದ್ದರೆ ಅದರ ದಾರಿಯಲ್ಲೇ ಹೋಗಬೇಕು.

ಹಂತ 2: ಅಳಿಸಿಹೋಗುವುದನ್ನು ಮೊದಲು ಹಿಡಿದಿಡಿ

ಮನುಷ್ಯರು ನಾಳೆಯೂ ಸಿಗುತ್ತಾರೆ, ಕ್ಯಾಮೆರಾದ ದೃಶ್ಯ ಸಿಗುವುದಿಲ್ಲ. ಹೆಚ್ಚಿನ ಕ್ಯಾಮೆರಾ ವ್ಯವಸ್ಥೆಗಳು ಜಾಗ ತುಂಬಿದಂತೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತವೆ. ಹಾಗಾಗಿ ಮೊದಲ ದಿನವೇ ಕಂಪ್ಯೂಟರ್ ವಿಭಾಗಕ್ಕೆ ಒಂದು ಸಣ್ಣ ಪತ್ರ ಬರೆಯಿರಿ: ಇಂಥ ದಿನದ, ಇಂಥ ಗಂಟೆಯ ದೃಶ್ಯ, ಪಾಳಿ ಪಟ್ಟಿಯ ಫೈಲ್, ಸಂಬಂಧಪಟ್ಟ ಇಮೇಲ್‌ಗಳನ್ನು ಅಳಿಸದೆ ಇಡಿ. ಪತ್ರದಲ್ಲಿ ಕಾರಣ ಬರೆಯಬೇಡಿ, ಯಾರ ಮೇಲೆ ದೂರು ಎಂದೂ ಬರೆಯಬೇಡಿ. ಗುಟ್ಟು ಸೋರುವ ಮೊದಲ ತೂತು ಬಹಳ ಸಲ ಈ ಪತ್ರವೇ.

ಹಂತ 3: ಹೇಳಿಕೆ ಬರೆದುಕೊಳ್ಳುವುದು

ನಾನು ಮೊದಲು ದೂರುದಾರರು, ಆಮೇಲೆ ಎದುರಿನವರು, ಆಮೇಲೆ ಸಾಕ್ಷಿಗಳು ಎಂಬ ಕ್ರಮದಲ್ಲಿ ಹೋಗುತ್ತೇನೆ. ಎದುರಿನವರು ಏನನ್ನು ಒಪ್ಪುತ್ತಾರೆ ಎಂದು ಗೊತ್ತಾದರೆ ಸಾಕ್ಷಿಗಳಿಗೆ ಕೇಳುವುದು ಅರ್ಧ ಕಡಿಮೆಯಾಗುತ್ತದೆ. ಕೊನೆಗೆ ಹೊಸದಾಗಿ ಬಂದ ವಿಷಯ ಹಿಡಿದು ಇಬ್ಬರನ್ನೂ ಇನ್ನೊಮ್ಮೆ ಕರೆಯಬೇಕು. ಈ ಎರಡನೇ ಸುತ್ತನ್ನು ತಪ್ಪಿಸಬೇಡಿ.

ಶುರುವಿಗೆ "ನೀವು ಹೇಳಿದ್ದು ಯಾರಿಗೂ ಗೊತ್ತಾಗಲ್ಲ" ಎಂಬ ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಆರೋಪಕ್ಕೆ ಉತ್ತರ ಕೊಡಬೇಕಾದವರಿಗೆ ಆರೋಪ ತಿಳಿಯಲೇಬೇಕಲ್ಲ. "ತಿಳಿಯಬೇಕಾದವರಿಗೆ ಬಿಟ್ಟು ಬೇರೆಯವರಿಗೆ ಹೋಗುವುದಿಲ್ಲ, ನೀವೂ ಹೊರಗೆ ಚರ್ಚೆ ಮಾಡಬೇಡಿ" ಎನ್ನಿ, ಹಾಗೆ ಹೇಳಿದ್ದನ್ನು ಹೇಳಿಕೆಯ ಮೊದಲ ಸಾಲಲ್ಲೇ ಬರೆದಿಡಿ. ಆದರೆ ವಕೀಲರ ಬಳಿ, ಸಂಘದ ಪ್ರತಿನಿಧಿಯ ಬಳಿ, ವೈದ್ಯರ ಬಳಿ ಹೋಗುವುದನ್ನು ತಡೆಯುವ ಹಾಗೆ ಮಾತಾಡಬೇಡಿ.

ಮೊದಲ ಹತ್ತು ನಿಮಿಷ ನೀವು ಸುಮ್ನೆ ಇರುವುದೇ ಒಳ್ಳೆಯದು. "ಅವತ್ತು ಏನಾಯಿತು, ಮೊದಲಿಂದ ಹೇಳಿ" ಎಂದು ಬಿಟ್ಟುಬಿಡಿ. ನಡುವೆ ಬಾಯಿ ಹಾಕಬೇಡಿ. ಮಾತು ನಿಂತ ಮೇಲೆ "ಆಮೇಲೆ?", "ಅವರು ಎಲ್ಲಿ ನಿಂತಿದ್ದರು?", "ಬಳಸಿದ ಮಾತು ಯಾವುದು?" ಎಂದು ಕೇಳುತ್ತಾ ಹೋಗಿ. "ನಿಮಗೆ ಅವಮಾನ ಆಯ್ತಲ್ವಾ?" ಎಂದು ಕೇಳಿದಿರೋ, ಉತ್ತರ ನಿಮ್ಮದಾಯಿತು.

ಪ್ರಶ್ನೆಯ ಒಂದೇ ಪದ ನೆನಪನ್ನು ಎಷ್ಟು ತಿರುಗಿಸುತ್ತದೆ ಎಂಬುದಕ್ಕೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲರಿಗೂ ಗೊತ್ತಿರಬೇಕು. ಕಾರು ಅಪಘಾತದ ಒಂದೇ ದೃಶ್ಯ ನೋಡಿದವರಲ್ಲಿ ಕೆಲವರನ್ನು ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಎಂದು ಕೇಳಿದರು, ಕೆಲವರನ್ನು 'ಗುದ್ದಿದಾಗ' ಎಷ್ಟಿತ್ತು ಎಂದು. ಒಂದು ವಾರದ ನಂತರ ಒಡೆದ ಗಾಜು ಕಂಡಿರಾ ಎಂದಾಗ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೌದು ಎಂದರು, ಎರಡನೆಯದರ 50ರಲ್ಲಿ 7 ಮಂದಿ. ದೃಶ್ಯದಲ್ಲಿ ಒಡೆದ ಗಾಜು ಇರಲೇ ಇಲ್ಲ. ಹಾಗಾಗಿ "ಅವರು ಕಿರುಚಿದಾಗ ನೀವು ಎಲ್ಲಿದ್ದಿರಿ?" ಎಂದು ಕೇಳಬೇಡಿ. ಕಿರುಚಿದರು ಎಂದು ಸಾಕ್ಷಿಯೇ ಇನ್ನೂ ಹೇಳಿಲ್ಲ.

ಬರೆಯುವಾಗ ನಿಮ್ಮ ಭಾಷೆಯಲ್ಲಿ ಸುಧಾರಿಸಬೇಡಿ. ಅನುಭವವಿಲ್ಲದವರು ಬರೆಯುವುದು ಹೀಗೆ:

"ಮೇಲ್ವಿಚಾರಕರು ಅಸಭ್ಯ ಪದಗಳಿಂದ ನಿಂದಿಸಿ ಮಾನಸಿಕ ಹಿಂಸೆ ನೀಡಿರುತ್ತಾರೆ."

ಯಾವ ಪದ, ಎಷ್ಟು ಹೊತ್ತಿಗೆ, ಯಾರ ಎದುರು, ಒಂದೂ ಇಲ್ಲ. ದೂರುದಾರರು ನಿಜಕ್ಕೂ ಹೇಳಿದ್ದನ್ನು ಬರೆದರೆ ಹೀಗಿರುತ್ತದೆ:

"ಬೆಳಿಗ್ಗೆ ಆರಕ್ಕೆ ಸಭೆ. ನಾನು ಎರಡನೇ ಸಾಲಲ್ಲಿ, ತೂಕದ ಯಂತ್ರದ ಪಕ್ಕ ನಿಂತಿದ್ದೆ. ಹಿಂದಿನ ದಿನ ಎರಡು ಪೆಟ್ಟಿಗೆಗೆ ತಪ್ಪು ಚೀಟಿ ಅಂಟಿಸಿದ್ದೆ, ಅದು ನಿಜ. ಅವರು ನನ್ನ ಹೆಸರು ಹಿಡಿದು ಕರೆದು, 'ನಿನ್ನ ತಲೇಲಿ ಮಣ್ಣು ತುಂಬಿದೆ, ನಿನ್ನನ್ನ ಇಟ್ಕೊಂಡಿದ್ದೇ ತಪ್ಪು' ಅಂದರು. ಇಬ್ಬರು ನಕ್ಕರು. ನಾನು ಏನೂ ಹೇಳಲಿಲ್ಲ."

'ಅದು ನಿಜ' ಎಂದು ತಮ್ಮ ತಪ್ಪನ್ನೇ ಒಪ್ಪಿಕೊಂಡ ಆ ಎರಡು ಪದ ಮುಂದೆ ನಂಬಿಕೆಯ ಪ್ರಶ್ನೆ ಬಂದಾಗ ಎಷ್ಟು ಕೆಲಸಕ್ಕೆ ಬಂತು ಗೊತ್ತಾ? ನಾನು ಸಾರಾಂಶ ಬರೆದಿದ್ದರೆ ಅವು ಉಳಿಯುತ್ತಿರಲಿಲ್ಲ.

ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಇನ್ನೊಬ್ಬರು ಹೇಳಿದ್ದನ್ನು ಕೇಳಿದ್ದು, ಇವು ಮೂರೂ ಬೇರೆ ಬೇರೆ. "ನಿಮಗೆ ಇದು ಹೇಗೆ ಗೊತ್ತು?" ಎಂದು ಪ್ರತಿ ಮುಖ್ಯ ಮಾತಿಗೂ ಕೇಳಿ, ಉತ್ತರವನ್ನು ಅದರ ಪಕ್ಕದಲ್ಲೇ ಬರೆಯಿರಿ.

ಮುಗಿದ ಮೇಲೆ ಹೇಳಿಕೆಯನ್ನು ಅವರಿಗೆ ಓದಲು ಕೊಡಿ. ಓದಲು ಬಾರದವರಿಗೆ ನೀವೇ ಓದಿ ಹೇಳಿ, ಹಾಗೆ ಓದಿದ್ದನ್ನೂ ಕೊನೆಯಲ್ಲಿ ನಮೂದಿಸಿ. ತಿದ್ದುಪಡಿ ಇದ್ದರೆ ಹಳೆಯ ಪದದ ಮೇಲೆ ಒಂದೇ ಗೆರೆ ಎಳೆದು, ಮೇಲೆ ಹೊಸದು ಬರೆದು, ಪಕ್ಕದಲ್ಲಿ ಅವರ ಸಣ್ಣ ಸಹಿ ಹಾಕಿಸಿ. ಬಿಳಿ ಬಣ್ಣ ಬಳಿದು ಮುಚ್ಚಬೇಡಿ. ಪ್ರತಿ ಪುಟಕ್ಕೂ ಸಂಖ್ಯೆ, ಸಹಿ, ತಾರೀಖು. ಶುರುವಾದ ಸಮಯ, ಮುಗಿದ ಸಮಯ, ನಡುವೆ ಎದ್ದು ಹೋಗಿದ್ದರೆ ಅದೂ ಇರಲಿ. ಸಹಿ ಹಾಕಲ್ಲ ಎಂದರೆ ಒತ್ತಾಯ ಬೇಡ. "ಓದಿದರು, ಸಹಿ ಹಾಕಲು ಒಪ್ಪಲಿಲ್ಲ, ಹೇಳಿದ ಕಾರಣ ಇದು" ಎಂದು ಬರೆದು ನೀವು ಸಹಿ ಮಾಡಿ.

ಎರಡು ಸಾಕ್ಷಿಗಳ ಹೇಳಿಕೆ ಪದಕ್ಕೆ ಪದ ಒಂದೇ ಇದ್ದರೆ ಖುಷಿಪಡಬೇಡಿ, ಅನುಮಾನಪಡಿ. ನಿಜವಾಗಿ ಕೇಳಿದವರ ನೆನಪು ಸ್ವಲ್ಪ ಆಚೀಚೆ ಇರುತ್ತದೆ. ನಮ್ಮ ಕೇಸಿನಲ್ಲಿ ಒಬ್ಬ ಸಾಕ್ಷಿ "ಮಣ್ಣು ತುಂಬಿದೆ ಅಂದ್ರು" ಎಂದರು. ಇನ್ನೊಬ್ಬರು "ತಲೇಲಿ ಏನೂ ಇಲ್ಲ ಅಂತ ಏನೋ ಅಂದ್ರು, ಇಟ್ಕೊಂಡಿದ್ದೇ ತಪ್ಪು ಅಂದಿದ್ದು ಮಾತ್ರ ಚೆನ್ನಾಗಿ ನೆನಪಿದೆ" ಎಂದರು. ಮೂರನೆಯವರು ಬೆಲ್ಟ್ ಯಂತ್ರದ ಹತ್ತಿರ ಇದ್ದರು, ದೊಡ್ಡ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಇದು ನನಗೆ ನಂಬುವಂತಿತ್ತು.

ಹಂತ 4: ದಾಖಲೆಗಳನ್ನು ತೂಗಿ ನೋಡುವುದು

ಬಂದ ಪ್ರತಿ ಕಾಗದಕ್ಕೂ ಒಂದು ಸಂಖ್ಯೆ ಕೊಡಿ: ದಾಖಲೆ 1, ದಾಖಲೆ 2. ಪಕ್ಕದಲ್ಲಿ ಯಾರು ಕೊಟ್ಟರು, ಯಾವ ದಿನ, ಮೂಲವೋ ಪ್ರತಿಯೋ ಎಂದು ಬರೆಯಿರಿ. ಬಳಸದೆ ಬಿಟ್ಟ ದಾಖಲೆಯನ್ನೂ ಪಟ್ಟಿಯಲ್ಲಿ ಇಟ್ಟು, ಯಾಕೆ ಬಿಟ್ಟಿರಿ ಎಂದು ಒಂದು ಸಾಲು ಬರೆಯಿರಿ. ಮೇಲ್ಮನವಿಯಲ್ಲಿ "ನಾನು ಕೊಟ್ಟದ್ದನ್ನು ನೋಡಲೇ ಇಲ್ಲ" ಎಂಬ ಮಾತೇ ಮೊದಲು ಬರುವುದು.

ಮೊಬೈಲ್ ಸ್ಕ್ರೀನ್‌ಶಾಟ್ ಕೊಟ್ಟರೆ ಫೋನಿನಲ್ಲೇ ಆ ಸಂದೇಶ ತೋರಿಸಲು ಹೇಳಿ, ಅದರ ಹಿಂದಿನ ಮುಂದಿನ ಸಂದೇಶಗಳನ್ನೂ ಓದಿ. ಅರ್ಧ ಕತ್ತರಿಸಿದ ಮಾತು ಪೂರ್ತಿ ಸುಳ್ಳಿಗಿಂತ ಜಾಸ್ತಿ ದಾರಿ ತಪ್ಪಿಸುತ್ತದೆ.

ನಮ್ಮ ಕೇಸಿನ ತಿರುವು ಇದ್ದದ್ದು ಒಂದು ಕಾಗದದಲ್ಲಿ. ಮೇಲ್ವಿಚಾರಕರು ಪಾಳಿ ಪಟ್ಟಿಯ ಪ್ರಿಂಟ್ ತಂದುಕೊಟ್ಟು, "ನೋಡಿ, ಪಟ್ಟಿ ಮಾರ್ಚ್ 9ಕ್ಕೇ ಆಗಿದೆ, ದೂರಿಗಿಂತ ಐದು ದಿನ ಮುಂಚೆ" ಎಂದರು. ಪುಟದ ಮೇಲೆ ಮಾರ್ಚ್ 9 ಎಂದೇ ಇತ್ತು. ಅದನ್ನೇ ನಂಬಿ ಬರೆದಿದ್ದರೆ ಎರಡನೇ ಆರೋಪ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ತಾರೀಖು ಯಾರೋ ಕೈಯಾರೆ ಟೈಪ್ ಮಾಡಿದ ತಲೆಬರಹ. ಕಂಪ್ಯೂಟರ್ ವಿಭಾಗದಿಂದ ಫೈಲ್ ತರಿಸಿ ಅದರ ಬದಲಾವಣೆಯ ಇತಿಹಾಸ ನೋಡಿದೆ. ಮಾರ್ಚ್ 9ರ ಆವೃತ್ತಿಯಲ್ಲಿ ದೂರುದಾರರು ಹಗಲು ಪಾಳಿಯಲ್ಲಿದ್ದರು. ಮಾರ್ಚ್ 15ರ ಸಂಜೆ 6:40ಕ್ಕೆ ಮೇಲ್ವಿಚಾರಕರ ಖಾತೆಯಿಂದ ಅದು ರಾತ್ರಿ ಪಾಳಿಗೆ ಬದಲಾಗಿತ್ತು.

ಇಲ್ಲಿ ನಿಲ್ಲಬಾರದು. ಇದನ್ನು ಮೇಲ್ವಿಚಾರಕರ ಮುಂದಿಟ್ಟು ಉತ್ತರ ಕೇಳಲೇಬೇಕು. ಅವರೆಂದರು: "ಹೌದು, ಮರೆತಿದ್ದೆ. ರಾತ್ರಿ ಪಾಳಿಯ ಒಬ್ಬರು ರಜೆ ಕೇಳಿದ್ದರು, ಜಾಗ ತುಂಬಬೇಕಿತ್ತು." ನ್ಯಾಯವಾದ ಕಾರಣವೇ. ರಜೆ ಅರ್ಜಿ ತರಿಸಿದೆ. ಅದರ ದಿನಾಂಕ ಮಾರ್ಚ್ 17. ರಜೆ ಕೇಳಿದವರನ್ನೂ ಕರೆದು ಅದಕ್ಕೆ ಮೊದಲು ಬಾಯಲ್ಲಿ ಹೇಳಿದ್ದರಾ ಎಂದು ವಿಚಾರಿಸಿದೆ. ಇಲ್ಲ, 17ರ ಬೆಳಿಗ್ಗೆ ಮನೆಯಿಂದ ಫೋನ್ ಬಂದ ಮೇಲೇ ಅರ್ಜಿ ಹಾಕಿದ್ದು ಎಂದರು. ಇನ್ನು ಉಳಿದದ್ದು 'ಗೊತ್ತಿತ್ತಾ' ಎಂಬುದು. ಮ್ಯಾನೇಜರ್ ಹೇಳಿಕೆಯಲ್ಲಿ ಉತ್ತರ ಸಿಕ್ಕಿತು: "14ರ ಸಂಜೆಯೇ ಫೋನ್ ಮಾಡಿ ಏನಯ್ಯಾ ಇದು ಅಂತ ಕೇಳಿದೆ." ಮ್ಯಾನೇಜರ್ ಫೋನಿನಲ್ಲಿ ಆ ಕರೆ ಇನ್ನೂ ಇತ್ತು, 5:20ಕ್ಕೆ.

ಹಂತ 5: ತೀರ್ಮಾನ ಬರೆಯುವುದು

ಇಂಥ ಒಳವಿಚಾರಣೆಗಳಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ 'ಯಾವುದು ನಡೆದಿರುವ ಸಾಧ್ಯತೆ ಹೆಚ್ಚು' ಎಂಬುದು. ಕ್ರಿಮಿನಲ್ ಕೋರ್ಟಿನ ಹಾಗೆ ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ರುಜುವಾತು ಬೇಕಿಲ್ಲ. ಯಾವ ಅಳತೆ ಬಳಸಿದಿರಿ ಎಂದು ವರದಿಯ ಶುರುವಿನಲ್ಲೇ ಹೇಳಿಬಿಡಿ.

ಪ್ರತಿ ಪ್ರಶ್ನೆಗೂ ಒಂದೇ ಕ್ರಮ ಇಟ್ಟುಕೊಳ್ಳಿ. ಆರೋಪ ಏನು, ಎದುರಿನವರ ಉತ್ತರ ಏನು, ಇಬ್ಬರೂ ಒಪ್ಪಿದ್ದೇನು, ಎಲ್ಲಿ ಭಿನ್ನ, ಯಾವುದನ್ನು ನಂಬಿದೆ, ಯಾಕೆ. ಎರಡನೇ ಪ್ರಶ್ನೆಗೆ ನಾನು ಬರೆದದ್ದು ಇದು:

"ಪಾಳಿ ಬದಲಾದದ್ದನ್ನು ಇಬ್ಬರೂ ಒಪ್ಪುತ್ತಾರೆ. ಬದಲಾವಣೆ ಮಾರ್ಚ್ 15ರ ಸಂಜೆ ಆಯಿತು (ದಾಖಲೆ 4). ಅದಕ್ಕೆ ಒಂದು ದಿನ ಮೊದಲೇ ಎದುರುದಾರರಿಗೆ ದೂರಿನ ವಿಷಯ ಗೊತ್ತಿತ್ತು (ಹೇಳಿಕೆ 6, ದಾಖಲೆ 7). ಮೊದಲ ಹೇಳಿಕೆಯಲ್ಲಿ ಅವರು ಕೊಟ್ಟ ವಿವರಣೆ ದಾಖಲೆ 4ಕ್ಕೆ ಹೊಂದುವುದಿಲ್ಲ. ಎರಡನೇ ಹೇಳಿಕೆಯ ರಜೆಯ ಕಾರಣ ಬದಲಾವಣೆಯ ನಂತರ ಹುಟ್ಟಿದ್ದು (ದಾಖಲೆ 5, ಹೇಳಿಕೆ 7). ಬೇರೆ ಕಾರಣ ತೋರಿಸಲಾಗಿಲ್ಲ. ದೂರು ಹೇಳಿದ್ದಕ್ಕಾಗಿಯೇ ಪಾಳಿ ಬದಲಿಸಿರುವ ಸಾಧ್ಯತೆ ಹೆಚ್ಚು. ಆರೋಪ 2 ಸಾಬೀತಾಗಿದೆ."

ಇದರಲ್ಲಿ 'ಸೊಕ್ಕು', 'ದುರುದ್ದೇಶ' ಇಲ್ಲ. ವಿಶೇಷಣ ಬಂದಲ್ಲೆಲ್ಲ ಓದುವವರು ನಿಮ್ಮ ಮೇಲೆ ಅನುಮಾನಪಡುತ್ತಾರೆ. ಪ್ರತಿ ವಾಕ್ಯದ ಹಿಂದೆ ಒಂದು ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಅದು ನಿಮ್ಮ ಅನಿಸಿಕೆ.

"ಮಾತಾಡುವಾಗ ಕಣ್ಣು ತಪ್ಪಿಸಿದರು, ಹಾಗಾಗಿ ನಂಬಲಿಲ್ಲ" ಎಂದು ದಯವಿಟ್ಟು ಬರೆಯಬೇಡಿ. ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವೆಲ್ಲ ಕಚ್ಚಾ. ಈ ಬಗ್ಗೆ ನಡೆದ ಪ್ರಯೋಗಗಳನ್ನು ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಒಟ್ಟು ಹಾಕಿ ನೋಡಿದಾಗ ಸರಿಯಾದ ಉತ್ತರ ಸಿಕ್ಕಿದ್ದು ಸರಾಸರಿ 54%. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಹೇಳಿಕೆ ದಾಖಲೆಗೆ ಹೊಂದುತ್ತದಾ, ತನ್ನೊಳಗೇ ಹೊಂದುತ್ತದಾ, ಹೇಳುವವರಿಗೆ ಅದನ್ನು ನೋಡುವ ಕೇಳುವ ಅವಕಾಶವಿತ್ತಾ, ಇವನ್ನು ಹಿಡಿದು ತೂಗಿ.

ಮೊದಲ ಆರೋಪವೂ ಸಾಬೀತಾಯಿತು. ಮೂರನೆಯದು ಆಗಲಿಲ್ಲ. ದೂರುದಾರರಿಗೆ ಒಂದೂ ದಿನ, ಒಂದೂ ಮಾತು ನೆನಪಿಗೆ ಬರಲಿಲ್ಲ, ಸಾಕ್ಷಿಗಳು "ಒರಟು ಮನುಷ್ಯ" ಎಂದಷ್ಟೇ ಹೇಳಿದರು. ನಾನು "ಸಾಬೀತಾಗಿಲ್ಲ" ಎಂದು ಬರೆದೆ, "ಸುಳ್ಳು" ಎಂದಲ್ಲ. ಸಾಕಷ್ಟು ಆಧಾರ ಸಿಗಲಿಲ್ಲ ಎನ್ನುವುದೇ ಬೇರೆ, ಬೇಕೆಂದೇ ಸುಳ್ಳು ಹೇಳಿದರು ಎನ್ನುವುದೇ ಬೇರೆ. ಎರಡನೆಯದಕ್ಕೆ ಅದರದ್ದೇ ಪುರಾವೆ ಬೇಕು. ಮೊದಲೆರಡು ಸಾಬೀತಾದವು ಎಂದು ಮೂರನೆಯದನ್ನೂ ಅದೇ ಗಾಳಿಯಲ್ಲಿ ತೂರಿಬಿಡುವ ಆಸೆಯಾಗುತ್ತದೆ. ಮೇಲ್ಮನವಿಯಲ್ಲಿ ಆ ಒಂದು ಎಡವಟ್ಟು ಉಳಿದೆರಡನ್ನೂ ಅಲುಗಾಡಿಸುತ್ತದೆ.

ಶಿಕ್ಷೆ ಏನೆಂದು ನೇಮಕ ಪತ್ರದಲ್ಲಿ ಕೇಳಿಲ್ಲದಿದ್ದರೆ ಬರೆಯಬೇಡಿ.

ಹಂತ 6: ಕಡತವನ್ನು ಕಾಯುವುದು

ವರದಿ, ಹೇಳಿಕೆಗಳು, ದಾಖಲೆಗಳು ಮೂರನ್ನೂ ಬೇರೆ ಬೇರೆ ಕಟ್ಟಿ. ನಿರ್ಧಾರ ಮಾಡುವವರಿಗೆ ಮೂರೂ ಹೋಗುತ್ತವೆ. ದೂರುದಾರರಿಗೂ ಎದುರುದಾರರಿಗೂ ಎಷ್ಟು ಕೊಡಬೇಕು ಎಂಬುದು ನಿಮ್ಮ ನಿಯಮದ ಮೇಲೆ ನಿಂತಿದೆ. ಆದರೆ ತಮ್ಮ ವಿರುದ್ಧ ಬಂದ ತೀರ್ಮಾನಕ್ಕೆ ಆಧಾರ ಏನೆಂದು ಎದುರುದಾರರಿಗೆ ತಿಳಿಯುವಷ್ಟಾದರೂ ಇರಬೇಕು. ಈ ಕಾಗದಗಳನ್ನು ಯಾರದೇ ಸೇವಾ ಕಡತದೊಳಗೆ ಸೇರಿಸಬೇಡಿ, ಅದನ್ನು ಬಡ್ತಿ, ವೇತನ ಎಂದು ಹತ್ತಾರು ಜನ ತೆರೆಯುತ್ತಾರೆ. ಅಲ್ಲಿಗೆ ಹೋಗಬೇಕಾದದ್ದು ಅಂತಿಮ ಆದೇಶ ಮಾತ್ರ.

ಸಾಕ್ಷಿಗಳನ್ನು ವರದಿಯಲ್ಲಿ ಸಾಕ್ಷಿ 1, ಸಾಕ್ಷಿ 2 ಎಂದು ಕರೆದು ಹೆಸರಿನ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿಡಿ. ಇಷ್ಟಕ್ಕೇ ಗುರುತು ಮುಚ್ಚುವುದಿಲ್ಲ. "ಬೆಲ್ಟ್ ಯಂತ್ರ ನಡೆಸುವ ಸಾಕ್ಷಿ 3" ಎಂದು ಬರೆದರೆ, ಅಲ್ಲಿ ಆ ಯಂತ್ರ ನಡೆಸುವವರು ಒಬ್ಬರೇ ಇದ್ದರೆ, ಹೆಸರು ಬರೆದ ಹಾಗೇ ಆಯಿತು. "ಸ್ವಲ್ಪ ದೂರದಲ್ಲಿದ್ದ ಸಾಕ್ಷಿ 3" ಎಂದರೆ ಸಾಕು.

ಹೆಸರು ಮುಚ್ಚಿ ಪ್ರತಿ ಕೊಡುವಾಗ ಒಂದು ಹಳೆಯ ತಪ್ಪು ಈಗಲೂ ನಡೆಯುತ್ತದೆ. ಪರದೆಯ ಮೇಲೆ ಅಕ್ಷರಗಳ ಮೇಲೊಂದು ಕಪ್ಪು ಚೌಕ ಇಟ್ಟು ಪಿಡಿಎಫ್ ಮಾಡುತ್ತಾರೆ. ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಚೌಕದ ಜಾಗವನ್ನು ಆಯ್ದು ಬೇರೆ ಕಡೆ ಅಂಟಿಸಿದರೆ ಹೆಸರು ಬರುತ್ತದೆ. ಮುಚ್ಚಿದ ಪುಟವನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿ, ಕಳಿಸುವ ಮುಂಚೆ ಆ ಹೆಸರನ್ನು ಫೈಲಿನಲ್ಲಿ ಹುಡುಕಿ ನೋಡಿ. ಫೈಲಿನ ಹೆಸರಿನಲ್ಲೂ ಯಾರ ಹೆಸರೂ ಬೇಡ, ಕೇಸ್ ಸಂಖ್ಯೆ ಸಾಕು.

ನನ್ನ ಕೈಯಲ್ಲೇ ಆದ ಎಡವಟ್ಟು ಒಂದಿದೆ. ಕರಡು ವರದಿಯನ್ನು ಎಲ್ಲರೂ ಬಳಸುವ ಪ್ರಿಂಟರ್‌ಗೆ ಕಳಿಸಿದೆ. ಕಾಗದ ಮುಗಿದು ಅರ್ಧಕ್ಕೆ ನಿಂತಿತು. ಬಂದಷ್ಟನ್ನು ಎತ್ತಿಕೊಂಡು ಹೋದೆ. ಮಧ್ಯಾಹ್ನ ಯಾರೋ ಕಾಗದ ತುಂಬಿಸಿದಾಗ ಉಳಿದ ನಾಲ್ಕು ಪುಟ ಹೊರಬಂದು ಟ್ರೇ ಮೇಲೆ ಬಿದ್ದಿದ್ದವು. ಅವತ್ತೇ ನೇಮಕ ಮಾಡಿದವರಿಗೆ ತಿಳಿಸಿ, ಯಾವ ಪುಟ, ಎಷ್ಟು ಹೊತ್ತು, ಯಾರು ನೋಡಿರಬಹುದು ಎಂದು ಬರೆದು ಕಡತಕ್ಕೆ ಸೇರಿಸಿದೆ. ಅಂದಿನಿಂದ ಇಂಥ ಪ್ರಿಂಟ್‌ಗೆ ಪಿನ್ ಒತ್ತಿದರೆ ಮಾತ್ರ ಕಾಗದ ಬರುವ ಯಂತ್ರವೇ ಬೇಕು ಎನ್ನುತ್ತೇನೆ.

ಕೈಬರಹದ ಟಿಪ್ಪಣಿಗಳನ್ನು ವರದಿ ಮುಗಿಯಿತು ಎಂದು ಹರಿದು ಹಾಕಬೇಡಿ, ಮುಂದೆ ಹೇಳಿಕೆಯ ಬಗ್ಗೆ ತಕರಾರು ಎದ್ದರೆ ಅವೇ ಮೂಲ. ಎಷ್ಟು ವರ್ಷ ಇಡಬೇಕು ಎಂಬುದನ್ನು ನಿಮ್ಮ ನಿಯಮ, ಅನ್ವಯಿಸುವ ಕಾನೂನು ನೋಡಿ ಬರೆದಿಡಿ, ಮೇಲ್ಮನವಿ ಬಾಕಿ ಇರುವಾಗ ಅವಧಿ ಮುಗಿದರೂ ನಾಶ ಮಾಡಬೇಡಿ. ಕಡತದ ಒಳಮುಖಕ್ಕೆ ಒಂದು ಹಾಳೆ ಅಂಟಿಸಿ: ಯಾರು ತೆರೆದರು, ಯಾವ ದಿನ, ಯಾಕೆ, ಎಷ್ಟು ಪುಟ ನಕಲು ತೆಗೆದುಕೊಂಡರು, ಸಹಿ. ಮೊದಲ ಸಾಲಲ್ಲಿ ನಿಮ್ಮದೇ ಹೆಸರು, ಕಡತ ಒಪ್ಪಿಸಿದ ದಿನಾಂಕ ಬರೆಯಿರಿ. ಆಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿದ ಕರಡುಗಳನ್ನು, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಬಿದ್ದಿರುವ ಸ್ಕ್ರೀನ್‌ಶಾಟ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಕಡತದಲ್ಲಿ ಇಲ್ಲದ್ದು ಸಿಕ್ಕರೆ ಅಲ್ಲಿಗೆ ಸೇರಿಸಿ, ಇದ್ದರೆ ನಿಮ್ಮಲ್ಲಿರುವ ಪ್ರತಿ ಅಳಿಸಿ.